ಸ್ಟ್ರೋಕ್ ಆದಾಗ ತಲೆಯ ಪ್ಲೇನ್ ಸಿಟಿ: ರಕ್ತಸ್ರಾವವೋ, ಬ್ಲಾಕೋ? ಪದೇ ಪದೇ ಕೇಳುವ ಪ್ರಶ್ನೆಗಳು

ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗಿ, ಒಂದು ಕಡೆಯ ಕೈಕಾಲು ಸೋತು, ಮಾತು ತೊದಲಿ ಬಂದವರಿಗೆ ಆಸ್ಪತ್ರೆಯಲ್ಲಿ ಮೊದಲು ಮಾಡುವ ಸ್ಕ್ಯಾನ್ ಸಾಮಾನ್ಯವಾಗಿ ಡೈ ಹಾಕದ ತಲೆಯ ಸಿಟಿ. ಅದನ್ನೇ ಪ್ಲೇನ್ ಸಿಟಿ ಅನ್ನುತ್ತಾರೆ. ಈ ಪುಟದಲ್ಲಿರುವುದು ಮೊದಲ ಕೆಲವು ಗಂಟೆಗಳಲ್ಲಿ ತೆಗೆದ ಸಿಟಿಯ ವಿಷಯ. ಅದರಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ, ಕಂಡದ್ದರಿಂದ ಚಿಕಿತ್ಸೆ ಹೇಗೆ ಬೇರೆಯಾಗುತ್ತದೆ ಅನ್ನುವುದಷ್ಟೇ.

ಲಕ್ಷಣ ನೋಡಿಯೇ ರಕ್ತಸ್ರಾವ ಅಥವಾ ಬ್ಲಾಕ್ ಅಂತ ಹೇಳೋಕೆ ಆಗಲ್ವಾ?

ಆಗುವುದಿಲ್ಲ. ಊಹೆ ಮಾಡಬಹುದು, ಆದರೆ ಆ ಊಹೆಯ ಮೇಲೆ ಔಷಧಿ ಕೊಡುವಂತಿಲ್ಲ.

ಜೋರು ತಲೆನೋವು, ವಾಂತಿ, ಬೇಗನೆ ಎಚ್ಚರ ತಪ್ಪುವುದು, ಬಿಪಿ ತುಂಬಾ ಮೇಲಿರುವುದು, ಇವೆಲ್ಲ ರಕ್ತಸ್ರಾವದ ಕಡೆಗೆ ವಾಲುತ್ತವೆ. ಆದರೆ ಸಣ್ಣ ರಕ್ತಸ್ರಾವ ಆದವರು ಪೂರ್ತಿ ಎಚ್ಚರವಾಗಿ, ತಲೆನೋವೇ ಇಲ್ಲದೆ, ಬರೀ ಒಂದು ಕೈ ಸೋತು ಬರುತ್ತಾರೆ. ದೊಡ್ಡ ರಕ್ತನಾಳ ಬ್ಲಾಕ್ ಆದವರು ವಾಂತಿ ಮಾಡಿಕೊಂಡು, ಬಿಪಿ 200 ದಾಟಿ, ಪ್ರಜ್ಞೆ ತಪ್ಪಿ ಬರುವುದೂ ಉಂಟು. ಕಾರಣ ಸರಳ. ಕೈ ಆಡಿಸುವ ಜಾಗಕ್ಕೆ ರಕ್ತ ಬರದೆ ಹೋದರೂ ಕೈ ಸೋಲುತ್ತದೆ, ಅದೇ ಜಾಗದಲ್ಲಿ ರಕ್ತ ಸೋರಿ ಒತ್ತಿದರೂ ಕೈ ಸೋಲುತ್ತದೆ. ಲಕ್ಷಣ ತಿಳಿಸುವುದು ಪೆಟ್ಟು ಬಿದ್ದ ಜಾಗವನ್ನು. ಆ ಪೆಟ್ಟು ಯಾವ ಬಗೆಯದು ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ.

ರಕ್ತ ಸಿಟಿಯಲ್ಲಿ ಬೆಳ್ಳಗೆ ಕಾಣುವುದು ಯಾಕೆ?

ಸಿಟಿ ಅಳೆಯುವುದು ಎಕ್ಸ್‌ರೇಯನ್ನು ಯಾವ ವಸ್ತು ಎಷ್ಟು ತಡೆಯುತ್ತದೆ ಅನ್ನುವುದನ್ನು. ಜಾಸ್ತಿ ತಡೆದರೆ ಬಿಳಿ, ಕಡಿಮೆ ತಡೆದರೆ ಕಪ್ಪು. ಈ ತಡೆಯುವಿಕೆಗೆ ಒಂದು ಅಂಕಿ ಇದೆ, ಸಿಟಿ ಕಂಡುಹಿಡಿದ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಅವರ ಹೆಸರಿನದು. ನೀರಿಗೆ 0, ಗಾಳಿಗೆ ಮೈನಸ್ 1000. ಮಿದುಳಿನ ಬಿಳಿ ಭಾಗ 20ರ ಕೊನೆಯಲ್ಲಿ, ಬೂದು ಭಾಗ 30ರ ಕೊನೆಯಲ್ಲಿ ಬರುತ್ತದೆ. ಈಗಷ್ಟೇ ಹೆಪ್ಪುಗಟ್ಟಿದ ರಕ್ತ 60ರಿಂದ 80ರವರೆಗೆ ಹೋಗುತ್ತದೆ. ಮೂಳೆ ಎಷ್ಟೋ ನೂರುಗಳಲ್ಲಿರುತ್ತದೆ.

ರಕ್ತದಲ್ಲಿ ಕಬ್ಬಿಣ ಇದೆ, ಅದಕ್ಕೇ ಬೆಳ್ಳಗೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಸರಿಯಲ್ಲ, ಇರುವ ಕಬ್ಬಿಣ ತೀರಾ ಕಡಿಮೆ. ಬೆಳ್ಳಗಾಗಿಸುವುದು ಹಿಮೋಗ್ಲೋಬಿನ್‌ನಲ್ಲಿರುವ ಪ್ರೋಟೀನ್. ನಾಳದೊಳಗೆ ಹರಿಯುವಾಗ ಕೆಂಪು ಕಣಗಳ ಜೊತೆ ನೀರಿನಂಥ ಪ್ಲಾಸ್ಮಾ ಬೆರೆತಿರುತ್ತದೆ, ಹಾಗಾಗಿ ಹರಿಯುವ ರಕ್ತ ಹೆಚ್ಚುಕಡಿಮೆ ಮಿದುಳಿನ ಬಣ್ಣದ್ದೇ. ಹೊರಗೆ ಸೋರಿ ಹೆಪ್ಪುಗಟ್ಟಿದಾಗ ಹೆಪ್ಪು ಕುಗ್ಗಿ ನೀರಿನ ಅಂಶವನ್ನು ಹಿಂಡಿ ಹೊರಹಾಕುತ್ತದೆ. ಪ್ರೋಟೀನ್ ಒತ್ತಾಗಿ ಉಳಿಯುತ್ತದೆ, ಅಂಕಿ ಏರುತ್ತದೆ. ಇದು ಕೆಲವೇ ನಿಮಿಷಗಳಲ್ಲಿ ಶುರುವಾಗುತ್ತದೆ. ಅದಕ್ಕೇ ರಕ್ತಸ್ರಾವ ಸಿಟಿಯಲ್ಲಿ ಮೊದಲ ಗಂಟೆಯಲ್ಲೇ ಕಾಣುತ್ತದೆ, ಕಾಯಬೇಕಾಗಿಲ್ಲ.

ಈ ಕಾರಣ ಗೊತ್ತಿದ್ದರೆ ಮುಂದೆ ಬರುವ ಎರಡು ಮೂರು ತೊಡಕುಗಳು ತಾವಾಗಿಯೇ ಅರ್ಥವಾಗುತ್ತವೆ.

ಬ್ಲಾಕ್ ಆದಾಗ ಸಿಟಿಯಲ್ಲಿ ಏನು ಕಾಣುತ್ತದೆ?

ಮೊದಲ ಗಂಟೆಗಳಲ್ಲಿ ಎಷ್ಟೋ ಸಲ ಏನೂ ಕಾಣುವುದಿಲ್ಲ. ಈ ಪುಟದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ರಕ್ತ ನಿಂತ ಕೂಡಲೇ ಮಿದುಳಿನ ಕಣಗಳು ಕೆಲಸ ನಿಲ್ಲಿಸುತ್ತವೆ, ಅದಕ್ಕೇ ಕೈ ತಕ್ಷಣ ಬಿದ್ದುಹೋಗುತ್ತದೆ. ಆದರೆ ಸಿಟಿಗೆ ಕಾಣಬೇಕಾದರೆ ಆ ಜಾಗಕ್ಕೆ ನೀರು ಸೇರಬೇಕು. ನೀರಿನ ಅಂಶ ಶೇಕಡಾ 1 ಹೆಚ್ಚಿದರೆ ಅಂಕಿ ಇಳಿಯುವುದು ಸುಮಾರು ಎರಡೂವರೆ ಮಾತ್ರ. ಬೂದು ಭಾಗ, ಬಿಳಿ ಭಾಗಗಳ ನಡುವೆಯೇ ವ್ಯತ್ಯಾಸ ಹತ್ತರ ಆಸುಪಾಸು ಇರುವಾಗ ಎರಡು ಮೂರು ಅಂಕಿಯ ಇಳಿತ ಕಣ್ಣಿಗೆ ಹೇಗೆ ಬೀಳಬೇಕು ಹೇಳಿ. ನೀರು ಸೇರುತ್ತಾ ಸೇರುತ್ತಾ, ಕೆಲವು ಗಂಟೆಗಳ ನಂತರ ಆ ಭಾಗ ಕಪ್ಪಾಗುತ್ತದೆ. ಒಂದು ದಿನ ಕಳೆಯುವಷ್ಟರಲ್ಲಿ ಸಾಮಾನ್ಯವಾಗಿ ಯಾರ ಕಣ್ಣಿಗಾದರೂ ಬೀಳುವಷ್ಟು ಸ್ಪಷ್ಟವಾಗಿರುತ್ತದೆ. ಆಗ ಸ್ಪಷ್ಟವಾಗಿ ಏನು ಪ್ರಯೋಜನ? ಆ ಕಪ್ಪು ಭಾಗದ ಬಹುಪಾಲು ಸತ್ತುಹೋಗಿರುತ್ತದೆ.

ಹಾಗಾದರೆ "ಸಿಟಿ ನಾರ್ಮಲ್ ಇದೆ" ಅಂದರೆ ಸ್ಟ್ರೋಕ್ ಇಲ್ಲ ಅಂತ ಅಲ್ವಾ?

ಖಂಡಿತ ಅಲ್ಲ. ಸಿಟಿ ನಾರ್ಮಲ್ ಅಂದ ಕೂಡಲೇ ಮನೆಯವರ ಮುಖದಲ್ಲಿ ಸಮಾಧಾನ ಕಾಣುತ್ತದೆ, ಕೆಲವರು ಮನೆಗೆ ಹೋಗೋಣವಾ ಅಂತಲೂ ಕೇಳುತ್ತಾರೆ. ಅರ್ಥವಾಗುವಂಥದ್ದೇ, ಆದರೆ ಅಪಾಯದ ಸಮಾಧಾನ ಅದು.

ಕೈಕಾಲು ಸೋತಿದೆ, ಮಾತು ಹೋಗಿದೆ, ಶುರುವಾಗಿ ಒಂದು ಗಂಟೆಯಾಗಿದೆ, ಸಿಟಿ ನಾರ್ಮಲ್. ಇದರ ಅರ್ಥ ರಕ್ತಸ್ರಾವ ಇಲ್ಲ, ಹಾಗಾಗಿ ಬ್ಲಾಕ್ ಇರುವ ಸಾಧ್ಯತೆ ತುಂಬಾ ಹೆಚ್ಚು, ಮಿದುಳು ಇನ್ನೂ ಪೂರ್ತಿ ಹಾಳಾಗಿಲ್ಲ, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇದೇ ಸರಿಯಾದ ಹೊತ್ತು. ಚಿಕಿತ್ಸೆಗೆ ಹಸಿರು ದೀಪ ಹತ್ತುವುದೇ ನಾರ್ಮಲ್ ಸಿಟಿಯಿಂದ. ಪ್ಲೇನ್ ಸಿಟಿ ಮಾಡಿಸುವುದು ಬ್ಲಾಕ್ ಹುಡುಕುವುದಕ್ಕೆ ಅಂತ ಅಂದುಕೊಂಡರೆ ಎಲ್ಲವೂ ಗೊಂದಲವಾಗುತ್ತದೆ. ರಕ್ತ ಇಲ್ಲ ಅಂತ ಖಚಿತ ಮಾಡಿಕೊಳ್ಳುವುದೇ ಅದರ ಮೊದಲ ಕೆಲಸ. ಬ್ಲಾಕ್ ಅನ್ನುವ ತೀರ್ಮಾನಕ್ಕೆ ಬರುವುದು ರೋಗಿಯನ್ನು ಪರೀಕ್ಷೆ ಮಾಡಿ.

ಒಂದು ಎಚ್ಚರಿಕೆ ಇದೆ. ರಕ್ತದಲ್ಲಿ ಸಕ್ಕರೆ ತೀರಾ ಇಳಿದರೂ, ಫಿಟ್ಸ್ ಬಂದು ಹೋದ ಮೇಲೂ ಒಂದು ಕಡೆ ಸೋಲಬಹುದು, ಆಗಲೂ ಸಿಟಿ ನಾರ್ಮಲ್ ಇರುತ್ತದೆ. ಅದಕ್ಕೇ ಇಂಜೆಕ್ಷನ್‌ಗೆ ಮೊದಲು ಬೆರಳಿಗೆ ಚುಚ್ಚಿ ಸಕ್ಕರೆ ನೋಡಲೇಬೇಕು. ಅರ್ಧ ನಿಮಿಷದ ಕೆಲಸ, ಬಿಡುವ ಹಾಗೇ ಇಲ್ಲ.

ಬ್ಲಾಕ್‌ನ ಸುಳಿವು ಬೇಗ ಸಿಗುವುದೇ ಇಲ್ವಾ?

ಹುಡುಕಿದರೆ ಕೆಲವೊಮ್ಮೆ ಸಿಗುತ್ತದೆ. ಮೂರನ್ನು ಹೇಳುತ್ತೇನೆ.

ಮೊದಲನೆಯದು ಬೆಳ್ಳಗಿನ ರಕ್ತನಾಳ. ಹೆಪ್ಪು ಬೆಳ್ಳಗೆ ಕಾಣುತ್ತದೆ ಅಂತ ಮೇಲೆ ಹೇಳಿದೆನಲ್ಲ, ನಾಳದ ಒಳಗೆ ಸಿಕ್ಕಿಕೊಂಡ ಹೆಪ್ಪಿಗೂ ಅದೇ ಮಾತು. ಮಿದುಳಿನ ಬದಿಗೆ ಹೋಗುವ ದೊಡ್ಡ ನಾಳ, ಮಿಡ್ಲ್ ಸೆರೆಬ್ರಲ್ ಆರ್ಟರಿ, ಒಂದು ಕಡೆ ಮಾತ್ರ ಸಣ್ಣ ಬಿಳಿ ಗೆರೆಯಂತೆ ಎದ್ದು ಕಂಡರೆ, ಅದು ಸೋತ ಕೈಗೆ ಎದುರು ಬದಿಯಲ್ಲಿದ್ದರೆ, ಹೆಪ್ಪನ್ನೇ ಕಣ್ಣಾರೆ ನೋಡುತ್ತಿದ್ದೀರಿ. ಎರಡೂ ಕಡೆ ಒಂದೇ ಸಮ ಬೆಳ್ಳಗಿದ್ದರೆ ನಂಬಬೇಡಿ. ರಕ್ತ ದಪ್ಪವಿರುವವರಲ್ಲಿ, ನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ಕೂತವರಲ್ಲಿ ಹಾಗೆ ಕಾಣುತ್ತದೆ. ಮತ್ತೆ, ಈ ಗೆರೆ ಕಾಣಲಿಲ್ಲ ಅಂದರೆ ಬ್ಲಾಕ್ ಇಲ್ಲ ಅಂತಲೂ ಅಲ್ಲ.

ಎರಡನೆಯದು ಬೂದು ಭಾಗ, ಬಿಳಿ ಭಾಗಗಳ ನಡುವಿನ ಗಡಿ ಅಳಿಸಿಹೋಗುವುದು. ಬೂದು ಭಾಗಕ್ಕೆ ರಕ್ತದ ಹಸಿವು ಜಾಸ್ತಿ, ಅದು ಮೊದಲು ನೀರು ಹಿಡಿದು ಅಂಕಿ ಇಳಿಸಿಕೊಂಡು ಪಕ್ಕದ ಬಿಳಿ ಭಾಗದ ಬಣ್ಣಕ್ಕೆ ಬಂದುಬಿಡುತ್ತದೆ. ಕಿವಿಯ ಮೇಲ್ಭಾಗದ ನೇರಕ್ಕೆ, ಮಿದುಳಿನ ಬದಿಯ ಸೀಳಿನ ಒಳಗೆ ಅಡಗಿರುವ ಇನ್ಸುಲಾ ಅನ್ನುವ ಪಟ್ಟಿ, ಅದರ ಒಳಗಡೆ ಇರುವ ಲೆಂಟಿಫಾರ್ಮ್ ಅನ್ನುವ ಬೂದು ಗಡ್ಡೆ, ಈ ಎರಡರ ಅಂಚು ಒಂದು ಕಡೆ ಮಸುಕಾಗಿದೆಯಾ ಅಂತ ನೋಡಬೇಕು.

ಮೂರನೆಯದು ಮಿದುಳಿನ ಮೇಲ್ಮೈಯ ಮಡಿಕೆಗಳ ನಡುವಿನ ಸಂದುಗಳು ಒಂದು ಕಡೆ ಮುಚ್ಚಿಕೊಳ್ಳುವುದು. ಇದು ಊತ, ಸಾಮಾನ್ಯವಾಗಿ ಸ್ವಲ್ಪ ತಡವಾಗಿ ಬರುತ್ತದೆ.

ಈ ಬದಲಾವಣೆ ಎಷ್ಟು ಹರಡಿದೆ ಅಂತ ಹೇಳಲು ಆಸ್ಪೆಕ್ಟ್ಸ್ ಅನ್ನುವ ಎಣಿಕೆ ಇದೆ. ಮಿಡ್ಲ್ ಸೆರೆಬ್ರಲ್ ನಾಳದ ಪ್ರದೇಶವನ್ನು 10 ಭಾಗ ಮಾಡಿ, ಹಾಳಾದಂತೆ ಕಾಣುವ ಪ್ರತಿ ಭಾಗಕ್ಕೂ 1 ಕಳೆಯುವುದು. 10 ಅಂದರೆ ಏನೂ ಕಾಣುತ್ತಿಲ್ಲ, ಕಡಿಮೆಯಾದಷ್ಟೂ ಆಗಲೇ ಹಾಳಾಗಿರುವುದು ಜಾಸ್ತಿ.

ನೋಡುವ ರೀತಿಯಲ್ಲಿ ಏನಾದರೂ ಉಪಾಯ ಇದೆಯಾ?

ವಿಂಡೋ ಬದಲಿಸಿ. ಮಿದುಳಿಗೆ ಮಾಮೂಲಿ ಇಡುವುದು ಅಗಲ 80, ಮಧ್ಯ 40. ಅಂದರೆ 0ಯಿಂದ 80ರವರೆಗಿನ ಅಂಕಿಗಳು ಕಪ್ಪಿನಿಂದ ಬಿಳಿವರೆಗೆ ಹರಡಿಕೊಳ್ಳುತ್ತವೆ. ಬ್ಲಾಕ್ ಹುಡುಕುವಾಗ ಅಗಲವನ್ನು 40ಕ್ಕೆ ಇಳಿಸಿ, ಮಧ್ಯ 40ರ ಹತ್ತಿರವೇ ಇರಲಿ. ಅದೇ ನಾಲ್ಕೈದು ಅಂಕಿಯ ವ್ಯತ್ಯಾಸ ಈಗ ಎರಡರಷ್ಟು ಎದ್ದು ಕಾಣುತ್ತದೆ, ಮಸುಕಾದ ಇನ್ಸುಲಾ ಬೇಗ ಕಣ್ಣಿಗೆ ಬೀಳುತ್ತದೆ. ಬುರುಡೆಗೆ ಅಂಟಿಕೊಂಡ ತೆಳು ರಕ್ತದ ಪದರ ಹುಡುಕುವಾಗ ಇದಕ್ಕೆ ಉಲ್ಟಾ ಮಾಡಬೇಕು, ಅಗಲವನ್ನು 150 ರಿಂದ 200ಕ್ಕೆ ಹೆಚ್ಚಿಸಬೇಕು. ಇಲ್ಲದಿದ್ದರೆ ಮೂಳೆಯ ಬಿಳಿಯಲ್ಲಿ ರಕ್ತದ ಬಿಳಿ ಕರಗಿಹೋಗುತ್ತದೆ.

ಇನ್ನೊಂದು, ಚಿತ್ರದ ಎಡಗಡೆ ಕಾಣುವುದು ರೋಗಿಯ ಬಲಗಡೆ. ಮತ್ತೆ, ಯಾವ ಕೈ ಸೋತಿದೆ ಅಂತ ತಿಳಿಸದೆ ಬರೀ "ಸ್ಟ್ರೋಕ್?" ಅಂತ ಬರೆದು ಸ್ಕ್ಯಾನ್ ಕಳಿಸುವ ಅಭ್ಯಾಸ ನನಗೆ ನಿಜವಾಗಿಯೂ ಸಂಕಟ ಕೊಡುತ್ತದೆ. ಬಲಗೈ ಸೋತಿದೆ, ಮಾತು ಹೋಗಿದೆ ಅಂತ ಬರೆದಿದ್ದರೆ ಎಡ ಇನ್ಸುಲಾವನ್ನು ಎರಡು ಸಲ ನೋಡುತ್ತಾರೆ, ಸಿಗುವ ಸುಳಿವು ಸಿಗುತ್ತದೆ.

ಬೆಳ್ಳಗೆ ಕಂಡದ್ದೆಲ್ಲ ರಕ್ತವಾ?

ಅಲ್ಲ. ಹೆಚ್ಚು ಮೋಸ ಮಾಡುವುದು ಕ್ಯಾಲ್ಸಿಯಂ. ವಯಸ್ಸಾದವರಲ್ಲಿ ಮಿದುಳಿನ ಆಳದ ಬೂದು ಗಡ್ಡೆಗಳಲ್ಲಿ ಕ್ಯಾಲ್ಸಿಯಂ ಕೂತು ಬೆಳ್ಳಗಾಗುವುದು ಮಾಮೂಲಿ. ಬಿಪಿಯಿಂದ ಆಗುವ ರಕ್ತಸ್ರಾವವೂ ಅಲ್ಲೇ ಜಾಸ್ತಿ, ತೊಂದರೆ ಇರುವುದೇ ಅಲ್ಲಿ. ಬೇರ್ಪಡಿಸಲು ಮೂರು ಪ್ರಶ್ನೆ ಸಾಕು. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಇದೆಯಾ? ಸುತ್ತ ಊತದ ಕಪ್ಪು ಅಂಚಾಗಲಿ, ಪಕ್ಕದ್ದನ್ನು ತಳ್ಳಿರುವುದಾಗಲಿ ಇಲ್ಲವಾ? ಮೌಸ್ ಇಟ್ಟು ಅಳೆದರೆ ಅಂಕಿ 100 ದಾಟುತ್ತದೆಯಾ? ಮೂರಕ್ಕೂ ಹೌದು ಅಂದರೆ ಕ್ಯಾಲ್ಸಿಯಂ. ರಕ್ತ ಸಾಮಾನ್ಯವಾಗಿ 100 ಮುಟ್ಟುವುದಿಲ್ಲ. ಆದರೆ ತೀರಾ ಸಣ್ಣ ಚುಕ್ಕಿಯಲ್ಲಿ ಅಂಕಿಯನ್ನು ನಂಬಬೇಡಿ, ಪಕ್ಕದ ಮಿದುಳಿನ ಅಂಕಿ ಸೇರಿ ಸರಾಸರಿ ಬರುತ್ತದೆ. ಹಳೆಯ ಸಿಟಿ ಇದ್ದರೆ ತೆಗೆದು ಪಕ್ಕದಲ್ಲಿಟ್ಟು ನೋಡಿ, ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ರಕ್ತ ಇದ್ದೂ ಬೆಳ್ಳಗೆ ಕಾಣದೆ ಹೋಗಬಹುದಾ?

ಅಪರೂಪಕ್ಕೆ ಹೌದು. ಬಿಳಿ ಬಣ್ಣ ಬರುವುದು ಹಿಮೋಗ್ಲೋಬಿನ್‌ನಿಂದ ಅಲ್ವಾ, ತೀವ್ರ ರಕ್ತಹೀನತೆ ಇದ್ದವರಲ್ಲಿ ಹೊಸ ರಕ್ತವೂ ಮಿದುಳಿನ ಬಣ್ಣಕ್ಕೇ ಹತ್ತಿರವಾಗಿ ಕಾಣಬಹುದು. ಇನ್ನೂ ಸೋರುತ್ತಲೇ ಇರುವ, ಹೆಪ್ಪುಗಟ್ಟದ ರಕ್ತವೂ ಬಿಳಿ ಗಡ್ಡೆಯ ಮಧ್ಯೆ ಬೂದು ಸುಳಿಯಂತೆ ಕಾಣುತ್ತದೆ. ವಾರ್ಫರಿನ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೆಪ್ಪುಗಟ್ಟದೆ ಕಣಗಳು ಕೆಳಗೆ ತಂಗಿ, ಮೇಲೆ ಬೂದು, ಕೆಳಗೆ ಬಿಳಿ ಅಂತ ಸಮತಟ್ಟು ಗೆರೆ ಬೀಳುತ್ತದೆ. ಆ ಗೆರೆ ಕಂಡರೆ ಸುಮ್ನೆ ವರದಿ ಬರೆದು ಕೂರಬೇಡಿ, ಫೋನ್ ಮಾಡಿ ಮಾತ್ರೆಯ ಬಗ್ಗೆ ಕೇಳಿ.

ಬಣ್ಣ ಮೋಸ ಮಾಡಿದರೂ ಆಕಾರ ಮಾಡುವುದಿಲ್ಲ. ಗಣನೀಯ ರಕ್ತ ಸೇರಿದ್ದರೆ ಪಕ್ಕದ ಭಾಗ ತಳ್ಳಿಕೊಂಡಿರುತ್ತದೆ, ನಡುಗೆರೆ ಸರಿದಿರುತ್ತದೆ.

ಒಂದು ಉದಾಹರಣೆ ಕೊಟ್ಟು ವಿವರಿಸ್ತೀರಾ?

ಲೆಕ್ಕ ಅರ್ಥವಾಗಲಿ ಅಂತ ಕಟ್ಟಿಕೊಂಡ ಉದಾಹರಣೆ ಇದು. 60 ವರ್ಷದವರು, ತೂಕ 60 ಕಿಲೋ. ಬೆಳಿಗ್ಗೆ 8:30ಕ್ಕೆ ಸರಿಯಾಗಿ ಮಾತಾಡಿದ್ದಾರೆ. 9:10ಕ್ಕೆ ನೋಡಿದಾಗ ಬಲಗೈ, ಬಲಗಾಲು ಸೋತಿದೆ, ಮಾತು ಹೊರಡುತ್ತಿಲ್ಲ. ಗಡಿಯಾರ ಶುರುವಾಗುವುದು 8:30ಕ್ಕೆ, 9:10ಕ್ಕಲ್ಲ, ಯಾಕಂದರೆ ಕೊನೆಯ ಬಾರಿ ಸರಿ ಇದ್ದದ್ದು 8:30ಕ್ಕೆ. ಆಸ್ಪತ್ರೆಗೆ ಬಂದದ್ದು 9:35. ಬಿಪಿ 196/108, ಸಕ್ಕರೆ 130. 9:50ಕ್ಕೆ ಪ್ಲೇನ್ ಸಿಟಿ.

ಸಿಟಿಯಲ್ಲಿ ಎಲ್ಲೂ ರಕ್ತದ ಬಿಳಿ ಇಲ್ಲ. ಎಡ ಮಿಡ್ಲ್ ಸೆರೆಬ್ರಲ್ ನಾಳ ಅಳೆದರೆ 55, ಬಲಗಡೆಯದು 38. ವಿಂಡೋ ಅಗಲ ಇಳಿಸಿ ನೋಡಿದರೆ ಎಡ ಇನ್ಸುಲಾದ ಪಟ್ಟಿ, ಲೆಂಟಿಫಾರ್ಮ್‌ನ ಅಂಚು ಮಸುಕು. ಎರಡು ಭಾಗ ಕಳೆದರೆ ಆಸ್ಪೆಕ್ಟ್ಸ್ 8. ಲಕ್ಷಣ ಬಲಗಡೆ, ಸುಳಿವು ಎಡಗಡೆ, ಎರಡೂ ಹೊಂದುತ್ತವೆ. ಬ್ಲಾಕ್.

ಈಗ ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಕೊಡಬಹುದು, ಕೊನೆಯ ಬಾರಿ ಸರಿ ಇದ್ದ ಹೊತ್ತಿನಿಂದ ನಾಲ್ಕೂವರೆ ಗಂಟೆ ದಾಟಿಲ್ಲ. ಆದರೆ ಬಿಪಿ 185/110ಕ್ಕಿಂತ ಕೆಳಗೆ ಬಾರದೆ ಕೊಡುವಂತಿಲ್ಲ, ಕೊಟ್ಟರೆ ರಕ್ತಸ್ರಾವದ ಅಪಾಯ ಏರುತ್ತದೆ. ಹಾಗಾಗಿ ಮೊದಲು ನರಕ್ಕೆ ಲ್ಯಾಬೆಟಲಾಲ್ ಕೊಟ್ಟು ಇಳಿಸುತ್ತಾರೆ. ಡೋಸ್ ಕಿಲೋಗೆ 0.9 ಮಿಲಿಗ್ರಾಂ, ಗರಿಷ್ಠ 90. ಈ ರೋಗಿಗೆ 54 ಮಿಲಿಗ್ರಾಂ. ಅದರ ಹತ್ತನೇ ಒಂದು ಭಾಗ, 5.4, ಮೊದಲು ಒಂದು ನಿಮಿಷದಲ್ಲಿ, ಉಳಿದ 48.6 ಒಂದು ಗಂಟೆಯ ಡ್ರಿಪ್‌ನಲ್ಲಿ. ಇದರ ಬದಲು ಒಂದೇ ಸಲ ಕೊಟ್ಟು ಮುಗಿಸುವ ಟೆನೆಕ್ಟಿಪ್ಲೇಸ್ ಅನ್ನೂ ಈಗ ಬಳಸುತ್ತಾರೆ.

ನಾಳದಲ್ಲೇ ಹೆಪ್ಪು ಕಂಡದ್ದರಿಂದ ಅಲ್ಲೇ ಟೇಬಲ್ ಮೇಲೆ ಡೈ ಹಾಕಿ ನಾಳಗಳ ಸಿಟಿಯನ್ನೂ ಮಾಡುತ್ತಾರೆ. ದೊಡ್ಡ ನಾಳ ಮುಚ್ಚಿರುವುದು ಖಚಿತವಾದರೆ ತೊಡೆಯ ಅಥವಾ ಕೈಯ ನಾಳದಿಂದ ಕೊಳವೆ ಕಳಿಸಿ ಹೆಪ್ಪನ್ನು ಎಳೆದು ತೆಗೆಯುವ ಚಿಕಿತ್ಸೆ ಇದೆ. ಇಂಥ ದೊಡ್ಡ ಹೆಪ್ಪು ಬರೀ ಔಷಧಿಗೆ ಕರಗುವುದು ಕಡಿಮೆ. ಹಾಗಂತ ಅದಕ್ಕೆ ಕಾಯುತ್ತಾ ಇಂಜೆಕ್ಷನ್ ತಡ ಮಾಡಬಾರದು.

ಅದೇ ರೋಗಿಯ ಸಿಟಿಯಲ್ಲಿ ರಕ್ತ ಕಂಡಿದ್ದರೆ?

ಎಲ್ಲವೂ ತಿರುವುಮುರುವು. ಅದೇ ವಯಸ್ಸು, ಅದೇ ಬಲಗೈ, ಅದೇ ಬಿಪಿ ಅಂದುಕೊಳ್ಳಿ. ಎಡಗಡೆ ಆಳದ ಬೂದು ಗಡ್ಡೆಯಲ್ಲಿ ಬಿಳಿ ಉಂಡೆ, ಅಂಕಿ 65. ಮೊದಲು ಗಾತ್ರ ಲೆಕ್ಕ ಹಾಕುತ್ತಾರೆ, ಅದಕ್ಕೆ ABC/2 ಅನ್ನುವ ಸುಲಭದ ಸೂತ್ರ ಇದೆ. ಅತಿ ದೊಡ್ಡದಾಗಿ ಕಾಣುವ ಚಿತ್ರದಲ್ಲಿ ಉದ್ದ 5 ಸೆಂ.ಮೀ., ಅದಕ್ಕೆ ಅಡ್ಡ ಅಳತೆ 4. 5 ಮಿ.ಮೀ. ದಪ್ಪದ 8 ಚಿತ್ರಗಳಲ್ಲಿ ಕಾಣುತ್ತಿದ್ದರೆ ಎತ್ತರ 4. ಐದು ಗುಣಿಸು ನಾಲ್ಕು ಗುಣಿಸು ನಾಲ್ಕು, 80. ಅದರ ಅರ್ಧ 40 ಮಿ.ಲೀ. 30 ದಾಟಿದರೆ ಅಪಾಯ ಹೆಚ್ಚು ಅಂತ ಪರಿಗಣಿಸುತ್ತಾರೆ, ಹಾಗಾಗಿ ಇದು ಗಂಭೀರ.

ಹೆಪ್ಪು ಕರಗಿಸುವ ಔಷಧಿಯ ಮಾತೇ ಇಲ್ಲ. ಸೋರುವ ತೂತನ್ನು ಮುಚ್ಚಿ ನಿಂತಿರುವುದು ಹೆಪ್ಪು, ಅದನ್ನೇ ಕರಗಿಸಿದರೆ ಏನಾಗುತ್ತದೆ ಹೇಳಬೇಕಾ. ಈಗಿನ ಆತಂಕ ಮೊದಲ ಗಂಟೆಗಳಲ್ಲಿ ಉಂಡೆ ಬೆಳೆಯುತ್ತದೆ ಅನ್ನುವುದು. ಹಾಗಾಗಿ ಮೇಲಿನ ಬಿಪಿಯನ್ನು 140ರ ಹತ್ತಿರಕ್ಕೆ, ಏರಿಳಿತ ಇಲ್ಲದೆ ನಯವಾಗಿ ತರುತ್ತಾರೆ. ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ವಿಟಮಿನ್ ಕೆ ನರಕ್ಕೆ ಕೊಡುತ್ತಾರೆ. ಅದು ಕೆಲಸ ಮಾಡಲು ಗಂಟೆಗಟ್ಟಲೆ ಬೇಕು, ಅದಕ್ಕೇ ಜೊತೆಗೆ ಹೆಪ್ಪುಗಟ್ಟಿಸುವ ಅಂಶಗಳ ಇಂಜೆಕ್ಷನ್ ಕೂಡ. ಶಸ್ತ್ರಚಿಕಿತ್ಸೆ ಎಲ್ಲರಿಗೂ ಬೇಡ. ಆದರೆ ಹಿಂಭಾಗದ ಕಿರುಮಿದುಳಿನಲ್ಲಿ ದೊಡ್ಡ ರಕ್ತಸ್ರಾವವಾಗಿ ಪಕ್ಕದ ಮಿದುಳಿನ ಕಾಂಡವನ್ನು ಒತ್ತುತ್ತಿದ್ದರೆ ಅದು ತುರ್ತು ಆಪರೇಷನ್. ಅಲ್ಲಿ ಜಾಗ ಇಕ್ಕಟ್ಟು, ಕಾಯುವಷ್ಟು ಸಮಯ ಸಿಗುವುದಿಲ್ಲ.

ಸಿಟಿಗೆ ಮೊದಲೇ ಬಿಪಿ ಇಳಿಸಿ, ಒಂದು ಆಸ್ಪಿರಿನ್ ಕೊಟ್ಟುಬಿಟ್ಟರೆ ತಪ್ಪೇನು?

ಆಸ್ಪಿರಿನ್‌ಗೆ ಉತ್ತರ ಸುಲಭ. ರಕ್ತಸ್ರಾವ ಇದ್ದರೆ ಅದು ಉರಿಯುವ ಬೆಂಕಿಗೆ ತುಪ್ಪ, ಬ್ಲಾಕ್ ಇದ್ದರೂ ಅರ್ಧ ಗಂಟೆ ಮುಂಚೆ ಕೊಟ್ಟದ್ದರಿಂದ ಸಿಗುವ ಲಾಭ ಅಷ್ಟಕ್ಕಷ್ಟೇ. ಮೇಲಾಗಿ ಸ್ಟ್ರೋಕ್ ಆದವರಿಗೆ ನುಂಗಲು ಕಷ್ಟ, ಮಾತ್ರೆ, ನೀರು ಶ್ವಾಸನಾಳಕ್ಕೆ ಹೋಗಬಹುದು. ಎದೆನೋವಿಗೆ ಮಾಡುವುದನ್ನು ಇಲ್ಲಿ ಮಾಡಬೇಡಿ.

ಬಿಪಿಯ ವಿಷಯ ಇನ್ನೂ ಮುಖ್ಯ. ನಾಳ ಮುಚ್ಚಿದಾಗ ಅದರಾಚೆಯ ಮಿದುಳು ಅಕ್ಕಪಕ್ಕದ ಸಣ್ಣ ನಾಳಗಳಿಂದ ಹೇಗೋ ಜೀವ ಹಿಡಿದಿರುತ್ತದೆ, ಅವುಗಳಲ್ಲಿ ರಕ್ತ ಹರಿಯಲು ಬಿಪಿ ಬೇಕು. ಇಂಜೆಕ್ಷನ್ ಅಥವಾ ಹೆಪ್ಪು ತೆಗೆಯುವ ಚಿಕಿತ್ಸೆ ಕೊಡದ ಬ್ಲಾಕ್ ರೋಗಿಗಳಲ್ಲಿ 220/120ರವರೆಗೂ ಬಿಪಿಯನ್ನು ಸಾಮಾನ್ಯವಾಗಿ ಮುಟ್ಟದೆ ಬಿಡುವುದು ಅದಕ್ಕೇ. ರಕ್ತಸ್ರಾವದಲ್ಲಿ ಅದೇ ಬಿಪಿ ವೈರಿ. ಇದನ್ನು ಚೀನಾದಲ್ಲಿ ನೇರವಾಗಿಯೇ ಪರೀಕ್ಷಿಸಿ ನೋಡಿದರು. ಇಂಟರ್ಯಾಕ್ಟ್-4 ಅನ್ನುವ ಆ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಆಂಬುಲೆನ್ಸ್‌ನಲ್ಲೇ, ಸಿಟಿ ಇಲ್ಲದೆ, ಯಾವ ಬಗೆಯ ಸ್ಟ್ರೋಕ್ ಅಂತ ಗೊತ್ತಿಲ್ಲದೆ ಬಿಪಿ ಇಳಿಸಿದರು. ಒಟ್ಟಾರೆ ನೋಡಿದರೆ ಲಾಭ ಸೊನ್ನೆ. ಬಿಡಿಸಿ ನೋಡಿದರೆ ರಕ್ತಸ್ರಾವ ಆದವರಿಗೆ ಒಳ್ಳೆಯದಾಗಿತ್ತು, ಬ್ಲಾಕ್ ಆದವರಿಗೆ ಕೆಟ್ಟದಾಗಿತ್ತು, ಎರಡೂ ಒಂದನ್ನೊಂದು ಹೊಡೆದುಹಾಕಿದ್ದವು. ಸಿಟಿ ಯಾಕೆ ಮೊದಲು ಅನ್ನುವುದಕ್ಕೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಸಿಟಿಯಲ್ಲಿ ರಕ್ತ ಇಲ್ಲ ಅಂತ ನೋಡಿ ಕೊಟ್ಟ ಇಂಜೆಕ್ಷನ್‌ನಿಂದಲೂ ರಕ್ತಸ್ರಾವ ಆಗುತ್ತದಂತೆ, ನಿಜವಾ?

ನಿಜ. ಮನೆಯವರಿಂದ ಒಪ್ಪಿಗೆ ಕೇಳುವಾಗ ಇದನ್ನು ಮುಚ್ಚಿಡಬಾರದು. 1995ರಲ್ಲಿ ಪ್ರಕಟವಾದ, ಈ ಚಿಕಿತ್ಸೆಗೆ ಅಡಿಪಾಯ ಹಾಕಿದ ಅಮೆರಿಕದ ಅಧ್ಯಯನದಲ್ಲಿ ಆಲ್ಟಿಪ್ಲೇಸ್ ಪಡೆದ ಶೇಕಡಾ 6.4 ಮಂದಿಗೆ ಲಕ್ಷಣ ಹದಗೆಡಿಸುವಂಥ ಮಿದುಳಿನ ರಕ್ತಸ್ರಾವ ಆಯಿತು. ಔಷಧಿ ಇಲ್ಲದವರಲ್ಲಿ ಅದು ಶೇಕಡಾ 0.6. ಹಾಗಿದ್ದೂ ಮೂರು ತಿಂಗಳ ನಂತರ ಅಂಗವೈಕಲ್ಯ ಇಲ್ಲದೆ ಅಥವಾ ತೀರಾ ಕಡಿಮೆ ಇದ್ದು ಉಳಿದವರು ಔಷಧಿ ಪಡೆದ ಗುಂಪಿನಲ್ಲೇ ಜಾಸ್ತಿ, ಸಾವು ಹೆಚ್ಚಲಿಲ್ಲ. ಅಪಾಯ ಇದೆ, ಲಾಭ ಅದಕ್ಕಿಂತ ದೊಡ್ಡದು, ಹೊತ್ತು ಕಳೆದಂತೆ ಲಾಭ ಕರಗುತ್ತದೆ. ಸಿಟಿಯಲ್ಲಿ ಆಗಲೇ ದೊಡ್ಡ ಭಾಗ ಸ್ಪಷ್ಟವಾಗಿ ಕಪ್ಪಾಗಿದ್ದರೆ ವೈದ್ಯರು ಹಿಂಜರಿಯುವುದು ಇದಕ್ಕೇ. ಸತ್ತ ಭಾಗದ ನಾಳಗಳೂ ದುರ್ಬಲ, ರಕ್ತ ಮರಳಿ ನುಗ್ಗಿದರೆ ಸೋರುತ್ತವೆ. ಮತ್ತೆ, ಅಷ್ಟು ಕಪ್ಪಾಗಿದೆ ಅಂದರೆ ಮನೆಯವರು ಹೇಳಿದ ಸಮಯ ಸರಿಯಾ ಅಂತ ಇನ್ನೊಮ್ಮೆ ಕೇಳಬೇಕು.

ರಕ್ತಸ್ರಾವ, ಬ್ಲಾಕ್ ಎರಡೂ ಒಟ್ಟಿಗೆ ಇರಬಹುದಾ?

ಇರಬಹುದು. ಹಿಂದೆ ಹೇಳಿದಂತೆ ಬ್ಲಾಕ್ ಆದ ಜಾಗದಲ್ಲೇ ಮುಂದೆ ರಕ್ತ ಸೋರಬಹುದು. ಆಗ ಕಪ್ಪು ಪ್ರದೇಶದ ಒಳಗೆ ಬಿಳಿ ಚುಕ್ಕಿಗಳು ಕಾಣುತ್ತವೆ, ಕಪ್ಪು ಪ್ರದೇಶ ಒಂದು ನಾಳ ನೋಡಿಕೊಳ್ಳುವ ಭಾಗದ ಆಕಾರದಲ್ಲೇ ಇರುತ್ತದೆ.

ಎಡವುವ ಜಾಗ ಇನ್ನೊಂದು. ಮಿದುಳಿನಿಂದ ರಕ್ತ ಹೊರಗೆ ಹೋಗುವ ದೊಡ್ಡ ಸಿರೆಗಳಲ್ಲಿ ಹೆಪ್ಪುಗಟ್ಟಿದರೆ ಹಿಂದೆ ಒತ್ತಡ ಏರಿ ಸಣ್ಣ ಸಿರೆಗಳು ಒಡೆಯುತ್ತವೆ. ಸಿಟಿಯಲ್ಲಿ ಕಾಣುವುದು ರಕ್ತ, ಮೂಲ ಕಾರಣ ಬ್ಲಾಕ್. ಹೆರಿಗೆಯಾದ ಹೊಸತರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದರ ಸಾಧ್ಯತೆ ಹೆಚ್ಚು. ಕೆಲವು ದಿನಗಳಿಂದ ಏರುತ್ತಾ ಬಂದ ತಲೆನೋವು, ಫಿಟ್ಸ್, ನಾಳಗಳ ಹಂಚಿಕೆಗೆ ಹೊಂದದ ಜಾಗದಲ್ಲಿ ರಕ್ತ, ತಲೆಯ ಹಿಂಭಾಗದ ಸಿರೆ ಬೆಳ್ಳಗೆ ತುಂಬಿಕೊಂಡಿರುವುದು, ಇವು ಕಂಡರೆ ಡೈ ಹಾಕಿ ಸಿರೆಗಳನ್ನು ನೋಡಬೇಕು. ಯಾಕಂದರೆ ಇಲ್ಲಿ, ರಕ್ತ ಸೋರಿರುವುದು ಕಣ್ಣೆದುರೇ ಇದ್ದರೂ, ಚಿಕಿತ್ಸೆ ರಕ್ತ ತೆಳು ಮಾಡುವ ಹೆಪಾರಿನ್. ಕೇಳಿದವರಿಗೆ ಗಾಬರಿಯಾಗುತ್ತದೆ, ಆದರೆ ಸಿರೆಯ ಹೆಪ್ಪು ಬೆಳೆಯುವುದು ನಿಲ್ಲದೆ ಸೋರುವುದೂ ನಿಲ್ಲುವುದಿಲ್ಲ.

ನೇರವಾಗಿ ಎಂಆರ್‌ಐ ಮಾಡಿಸಿದರೆ ಒಳ್ಳೆಯದಲ್ವಾ?

ಬ್ಲಾಕ್ ಅನ್ನು ಎಂಆರ್‌ಐ ನಿಮಿಷಗಳಲ್ಲೇ ತೋರಿಸುತ್ತದೆ, ಆ ವಿಷಯದಲ್ಲಿ ಸಿಟಿ ಅದರ ಹತ್ತಿರವೂ ಬರುವುದಿಲ್ಲ. ಮಿದುಳಿನ ಕಾಂಡ, ಕಿರುಮಿದುಳುಗಳಲ್ಲಂತೂ ದಪ್ಪ ಮೂಳೆಗಳ ನಡುವೆ ಸಿಟಿ ಚಿತ್ರದಲ್ಲಿ ಗೆರೆಗಳು ಬಿದ್ದು ಸಣ್ಣ ಬ್ಲಾಕ್ ಕಾಣುವುದೇ ಕಷ್ಟ. ಆದರೆ ಸಿಟಿ ಸೆಕೆಂಡುಗಳಲ್ಲಿ ಮುಗಿಯುತ್ತದೆ, ಪೇಸ್‌ಮೇಕರ್ ಇದೆಯಾ, ಲೋಹ ಇದೆಯಾ ಅಂತ ವಿಚಾರಿಸಬೇಕಿಲ್ಲ, ಒದ್ದಾಡುವ ರೋಗಿಗೂ ಮಾಡಬಹುದು. ತೀರ್ಮಾನಕ್ಕೆ ಬೇಕಾದ ಉತ್ತರ ರಕ್ತ ಇದೆಯಾ ಇಲ್ವಾ ಅನ್ನುವುದು, ಅದನ್ನು ಸಿಟಿ ಚೆನ್ನಾಗಿ ಕೊಡುತ್ತದೆ. ಎಚ್ಚರವಾದಾಗಲೇ ಕೈ ಸೋತಿತ್ತು, ಶುರುವಾದ ಸಮಯ ಗೊತ್ತಿಲ್ಲ ಅನ್ನುವವರಲ್ಲಿ ಮಾತ್ರ ಎಂಆರ್‌ಐ ನಿಜವಾಗಿ ತೀರ್ಮಾನ ಬದಲಿಸುತ್ತದೆ.

ಎರಡು ಮೂರು ವಾರ ಬಿಟ್ಟು ಸಿಟಿ ಮಾಡಿಸಿದರೆ ಗೊತ್ತಾಗುತ್ತದಾ?

ಆಗ ಸಿಟಿಯನ್ನು ನೆಚ್ಚಬೇಡಿ. ದಿನ ಕಳೆದಂತೆ ಹಿಮೋಗ್ಲೋಬಿನ್ ಒಡೆದು ಹೀರಿಹೋಗುತ್ತದೆ, ಬಿಳಿ ಉಂಡೆ ಅಂಚಿನಿಂದ ಮಂಕಾಗುತ್ತಾ ಮೊದಲು ಮಿದುಳಿನ ಬಣ್ಣಕ್ಕೆ, ಆಮೇಲೆ ಕಪ್ಪಿಗೆ ತಿರುಗುತ್ತದೆ. ಸಣ್ಣ ರಕ್ತಸ್ರಾವ ಒಂದೆರಡು ವಾರದಲ್ಲೇ ಹಳೆಯ ಬ್ಲಾಕ್‌ನ ಹಾಗೆ ಕಾಣಬಹುದು. ಅದನ್ನು ನೋಡಿ ಬ್ಲಾಕ್ ಅಂತ ತಿಳಿದು ರಕ್ತ ತೆಳು ಮಾಡುವ ಮಾತ್ರೆ ಶುರು ಮಾಡಿದರೆ ಅನಾಹುತ. ತಡವಾಗಿ ಬಂದವರಿಗೆ ಎಂಆರ್‌ಐ ಬೇಕು, ಹಳೆಯ ರಕ್ತ ಬಿಟ್ಟುಹೋದ ಕಬ್ಬಿಣದ ಕಲೆಯನ್ನು ಅದು ವರ್ಷಗಳ ನಂತರವೂ ತೋರಿಸುತ್ತದೆ.

ಇಂಜೆಕ್ಷನ್ ಕೊಟ್ಟ ಮರುದಿನ ಮತ್ತೆ ಸಿಟಿ ಯಾಕೆ?

ಆಸ್ಪಿರಿನ್ ಶುರು ಮಾಡಬಹುದಾ ಅಂತ ನೋಡಲು. ಹೆಪ್ಪು ಕರಗಿಸುವ ಔಷಧಿ ಕೊಟ್ಟ ಮೇಲೆ 24 ಗಂಟೆ ಸಾಮಾನ್ಯವಾಗಿ ಆಸ್ಪಿರಿನ್ ಆಗಲಿ ಹೆಪಾರಿನ್ ಆಗಲಿ ಕೊಡುವುದಿಲ್ಲ, ಬಿಪಿಯನ್ನು 180/105ಕ್ಕಿಂತ ಕೆಳಗೆ ಹಿಡಿದಿಡುತ್ತಾರೆ. 24 ಗಂಟೆಯ ಸಿಟಿಯಲ್ಲಿ ರಕ್ತ ಇಲ್ಲದಿದ್ದರೆ ಮಾತ್ರ ಆಸ್ಪಿರಿನ್. ನಡುವೆ ತಲೆನೋವು, ವಾಂತಿ, ಮಂಪರು ಶುರುವಾದರೆ ಅಥವಾ ಕೈಯ ಶಕ್ತಿ ಮತ್ತೆ ಇಳಿದರೆ 24 ಗಂಟೆ ಕಾಯುವುದಿಲ್ಲ. ಡ್ರಿಪ್ ನಡೆಯುತ್ತಿದ್ದರೆ ಅದನ್ನು ಅಲ್ಲೇ ನಿಲ್ಲಿಸಿ ತಕ್ಷಣ ಸಿಟಿಗೆ ಕರೆದೊಯ್ಯುತ್ತಾರೆ.

ಕೊಳವೆ ಹಾಕಿ ಹೆಪ್ಪು ತೆಗೆದವರ ಮರುದಿನದ ಸಿಟಿಯಲ್ಲಿ ಒಂದು ತೊಡಕಿದೆ. ಚಿಕಿತ್ಸೆಯಲ್ಲಿ ಬಳಸಿದ ಡೈ ಪೆಟ್ಟು ಬಿದ್ದ ಮಿದುಳಿಗೆ ಇಳಿದು ಅಲ್ಲೇ ಉಳಿದಿರುತ್ತದೆ, ಅದೂ ಬೆಳ್ಳಗೆ, ನೋಡಲು ರಕ್ತದಂತೆಯೇ. ಎರಡು ಶಕ್ತಿಯ ಎಕ್ಸ್‌ರೇ ಬಳಸುವ ಡ್ಯುಯಲ್ ಎನರ್ಜಿ ಸಿಟಿ ಇದ್ದರೆ ಅಯೋಡಿನ್ ಇರುವ ಡೈಯನ್ನು ರಕ್ತದಿಂದ ಬೇರ್ಪಡಿಸಬಹುದು. ಇಲ್ಲದಿದ್ದರೆ ಇನ್ನೊಂದು ದಿನ ಬಿಟ್ಟು ಮತ್ತೆ ಸಿಟಿ ಮಾಡುತ್ತಾರೆ. ಡೈ ಆಗಿದ್ದರೆ ಅಷ್ಟರಲ್ಲಿ ಬಹುಮಟ್ಟಿಗೆ ಮಾಯವಾಗಿರುತ್ತದೆ, ರಕ್ತ ಆಗಿದ್ದರೆ ಅಲ್ಲೇ ಇರುತ್ತದೆ.